ಜಾರುತ್ತಿದ್ದ ಕನ್ನಡಕ: ದುಂಡು ಮುಖ, ತಗ್ಗು ಮೂಗಿನ ಒಂದು ಪ್ರಕರಣ

ಸಕಲೇಶಪುರದ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವ ಟೀಚರ್ ಅವರು. ವಯಸ್ಸು 36. ಒಂದು ಶನಿವಾರ ಮಧ್ಯಾಹ್ನ ತಾಯಿಯನ್ನು ಕರೆದುಕೊಂಡು ಹಾಸನದ ನಮ್ಮ ಅಂಗಡಿಗೆ ಬಂದರು. ಕೂತ ಐದು ನಿಮಿಷದಲ್ಲಿ ಅವರು ಕನ್ನಡಕವನ್ನು ಮೇಲೆ ತಳ್ಳಿದ್ದನ್ನು ನಾನು ಎಣಿಸಿದೆ. ಹನ್ನೊಂದು ಸಲ. ತಾವು ತಳ್ಳುತ್ತಿದ್ದೇವೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ, ಅಷ್ಟು ರೂಢಿಯಾಗಿತ್ತು.

"ಸರ್, ನಂಬರ್ ಬದಲಾಗಿದೆ ಅನ್ಸುತ್ತೆ. ಲಾಸ್ಟ್ ಬೆಂಚಿನ ಮಕ್ಕಳ ಮುಖ ಮಸುಕು ಮಸುಕು. ಸಂಜೆ ಹೊತ್ತಿಗೆ ತಲೆನೋವು."

ಪರೀಕ್ಷೆ ಮಾಡಿಸಿದೆವು. ನಂಬರ್ ಬದಲಾಗಿರಲಿಲ್ಲ. ಬಲಗಣ್ಣು ಮೈನಸ್ 5.50, ಎಡಗಣ್ಣು ಮೈನಸ್ 5.00. ಎಂಟು ತಿಂಗಳ ಹಿಂದಿನ ಚೀಟಿಯಲ್ಲೂ ಅದೇ ಇತ್ತು. ಹಾಕಿಕೊಂಡಿದ್ದ ಗ್ಲಾಸನ್ನು ಮೀಟರಿನಲ್ಲಿ ಇಟ್ಟು ನೋಡಿದರೆ ಅದೂ ಸರಿಯಾಗಿಯೇ ಇತ್ತು. ಹಾಗಾದರೆ ಮಸುಕು ಎಲ್ಲಿಂದ ಬಂತು?

ಆಗ ತಾಯಿ ಹೇಳಿದರು. "ಅವಳ ಮೂಗೇ ಚಪ್ಪಟೆ ಕಣಪ್ಪ. ಅವರಪ್ಪನ ಕಡೆಯದ್ದು. ಯಾವ ಕನ್ನಡಕವೂ ನಿಲ್ಲಲ್ಲ." ಟೀಚರ್ ನಕ್ಕು ಸುಮ್ಮನಾದರು. ಆ ನಗುವಿನಲ್ಲಿ ಒಂಚೂರು ನಾಚಿಕೆ ಇತ್ತು. ನನಗೆ ಬೇಜಾರಾಗುವುದು ಇಲ್ಲೇ. ತಗ್ಗು ಮೂಗಿನವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಚಿಕ್ಕ ಮಕ್ಕಳಿಗಂತೂ ಹೆಚ್ಚುಕಡಿಮೆ ಎಲ್ಲರಿಗೂ ಮೂಗಿನ ಬುಡ ತಗ್ಗೇ. ಆದರೆ ಅಂಗಡಿಯಲ್ಲಿ ಸಾಲಾಗಿ ನೇತುಹಾಕಿರುವ ಪ್ಲಾಸ್ಟಿಕ್ ಫ್ರೇಮುಗಳಲ್ಲಿ ಹೆಚ್ಚಿನವು ಎತ್ತರದ, ಕಿರಿದಾದ ಮೂಗನ್ನು ಮನಸ್ಸಿನಲ್ಲಿಟ್ಟುಕೊಂಡು ಅಚ್ಚು ಹಾಕಿದಂಥವು. ಫ್ರೇಮ್ ಮೂಗಿಗೆ ಹೊಂದದಿದ್ದರೆ ತಪ್ಪು ಫ್ರೇಮಿನದ್ದು. ಅಮ್ಮನಿಗೆ ಇದನ್ನೇ ಹೇಳಿದೆ.

ಹಳೆಯ ಕನ್ನಡಕದ ಕಥೆ

ಆ ಫ್ರೇಮ್ ಅವರು ಫೋನಿನಲ್ಲಿ ಆರಿಸಿ ತರಿಸಿಕೊಂಡಿದ್ದು. ದುಂಡು ಮುಖಕ್ಕೆ ಚೌಕದ ಫ್ರೇಮ್, ಅದೂ ದೊಡ್ಡದು ಚೆನ್ನಾಗಿ ಕಾಣುತ್ತೆ ಅಂತ ಎಲ್ಲೋ ಓದಿದ್ದರಂತೆ. ಟಿಆರ್-90 ಅನ್ನುವ ಹಗುರ ಪ್ಲಾಸ್ಟಿಕ್ಕಿನ ಕಪ್ಪು ಫ್ರೇಮ್. ಕಡ್ಡಿಯ ಒಳಗಡೆ 54□17-145 ಅಂತ ಅಚ್ಚಾಗಿತ್ತು.

ಈ ಅಂಕಿಗಳು ಬಹುತೇಕ ಎಲ್ಲ ಫ್ರೇಮಿನಲ್ಲೂ ಇರುತ್ತವೆ. ನಿಮ್ಮದನ್ನು ಒಮ್ಮೆ ತೆಗೆದು ನೋಡಿ. ಮೊದಲನೆಯದು ಒಂದು ಗ್ಲಾಸಿನ ಅಗಲ, ಇಲ್ಲಿ 54 ಮಿ.ಮೀ. ಎರಡನೆಯದು ಎರಡು ಗ್ಲಾಸುಗಳ ನಡುವಿನ ಅಂತರ, 17. ಮೂರನೆಯದು ಕಡ್ಡಿಯ ಪೂರ್ತಿ ಉದ್ದ, 145. ಗ್ಲಾಸಿನ ಎತ್ತರವನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ, ಸ್ಕೇಲ್ ಇಟ್ಟು ಅಳೆಯಬೇಕು. ಅಳೆದರೆ 44 ಬಂತು. ಈ ಬರೆಯದ ಅಂಕಿಯೇ ಈ ಪ್ರಕರಣದಲ್ಲಿ ಅರ್ಧ ತೊಂದರೆ ಕೊಟ್ಟಿತ್ತು.

ಅವರು ಸುಮ್ನೆ ಕೂತಿರಲಿಲ್ಲ, ಎರಡು ಉಪಾಯ ಮಾಡಿ ನೋಡಿದ್ದರು. ಮೊದಲು ಅಂಟಿಸುವ ಸಿಲಿಕಾನ್ ಪ್ಯಾಡ್ ತರಿಸಿ ಮೂಗಿನ ಜಾಗದಲ್ಲಿ ಅಂಟಿಸಿದ್ದರು. ಫ್ರೇಮ್ ಒಂದೆರಡು ಮಿ.ಮೀ. ಮೇಲೆ ಬಂತು, ಆದರೆ ವಾರ ಕಳೆಯುವುದರೊಳಗೆ ಬೆವರಿಗೆ ಅಂಟು ಬಿಟ್ಟಿತು. ಆಮೇಲೆ ಊರಿನ ಒಂದು ಅಂಗಡಿಯಲ್ಲಿ ಕಡ್ಡಿ ಬಿಗಿ ಮಾಡಿಸಿದರು. ಆಮೇಲೆ ಇನ್ನೂ ಜಾಸ್ತಿ ಜಾರತೊಡಗಿತು, ತಲೆನೋವೂ ಶುರುವಾಯಿತು.

ಬಿಗಿ ಮಾಡಿದ ಮೇಲೆ ಜಾಸ್ತಿ ಜಾರಿದ್ದು ಅವರಿಗೆ ಒಗಟಾಗಿತ್ತು. ಒದ್ದೆ ಹಲಸಿನ ಬೀಜವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಅದು ಮುಂದಕ್ಕೆ ಚಿಮ್ಮುತ್ತದೆ. ನಮ್ಮ ತಲೆ ಕಣ್ಣಿನ ಕಡೆ ಕಿರಿದು, ಕಿವಿಯ ಕಡೆ ಅಗಲ. ಕಿವಿಗಿಂತ ಮುಂಚೆಯೇ ಕಡ್ಡಿ ತಲೆಯನ್ನು ಅಮುಕಿದರೆ ಫ್ರೇಮ್ ಇದೇ ರೀತಿ ಮುಂದಕ್ಕೆ ಬರುತ್ತದೆ. ಕನ್ನಡಕವನ್ನು ನಿಲ್ಲಿಸಬೇಕಾದ್ದು ಮೂಗು ಮತ್ತು ಕಿವಿಯ ಹಿಂಬದಿ. ಕಡ್ಡಿ ದಾರಿಯುದ್ದಕ್ಕೂ ತಲೆಯನ್ನು ಮೆಲ್ಲಗೆ ಸವರಿಕೊಂಡು ಹೋದರೆ ಸಾಕು.

ಮುಖ ನೋಡುವುದಕ್ಕಿಂತ ಮುಂಚೆ ಮೂಗು ನೋಡಿದ್ದು

ಅವರನ್ನು ನನ್ನ ಎದುರಿಗೆ, ಕಣ್ಣು ಕಣ್ಣು ಒಂದೇ ಎತ್ತರಕ್ಕೆ ಬರುವ ಹಾಗೆ ಕೂರಿಸಿಕೊಂಡೆ. ಕನ್ನಡಕ ತೆಗೆಸಿ ಎರಡೂ ಪಾಪೆಗಳ ನೇರಕ್ಕೆ ಸ್ಕೇಲ್ ಅಡ್ಡ ಹಿಡಿದೆ. ಎತ್ತರದ ಮೂಗಿನವರಲ್ಲಿ ಬ್ರಿಡ್ಜ್, ಅಂದರೆ ಎರಡು ಗ್ಲಾಸುಗಳನ್ನು ಕೂಡಿಸುವ ಭಾಗ, ಕೂರುವ ಜಾಗ ಈ ಗೆರೆಗಿಂತ ಸಾಕಷ್ಟು ಮೇಲಿರುತ್ತದೆ. ಇವರಲ್ಲಿ ಅದು ಗೆರೆಗಿಂತ ಸುಮಾರು 3 ಮಿ.ಮೀ. ಕೆಳಗಿತ್ತು.

ಆಮೇಲೆ ಪಕ್ಕದಿಂದ ನೋಡಿದೆ. ಕಣ್ಣಿನ ರೆಪ್ಪೆಗೂದಲಿನ ತುದಿ ಮತ್ತು ಮೂಗಿನ ಬುಡ ಹೆಚ್ಚುಕಡಿಮೆ ಒಂದೇ ನೇರದಲ್ಲಿದ್ದವು. ಅಂದರೆ ಗ್ಲಾಸನ್ನು ರೆಪ್ಪೆಯಿಂದ ದೂರ ಹಿಡಿದಿಡಲು ಮೂಗು ಒಂಚೂರೂ ಮುಂದಕ್ಕೆ ಬಂದಿಲ್ಲ. ಮೂರನೆಯದು, ಮೇಲಿನಿಂದ ನೋಡಿದಾಗ ಮೂಗಿನ ಪಕ್ಕಗಳು ಕಡಿದಾಗಿಲ್ಲ, ಹರಡಿಕೊಂಡು ಕೆನ್ನೆಗೆ ಇಳಿಯುತ್ತವೆ. ಹೊಲದ ಬದುವಿನ ಇಳಿಜಾರಿನಂತೆ.

ಈಗ ಹಳೆಯ ಕನ್ನಡಕ ಹಾಕಿಸಿ ನೋಡಿದರೆ ಎಲ್ಲ ಅರ್ಥವಾಯಿತು. ಫ್ರೇಮಿನ ಬ್ರಿಡ್ಜ್ ಮೂಗಿಗೆ ತಾಗಿದ್ದೇ ಇಲ್ಲ. ನಡುವೆ ಕಾಗದದ ಚೂರು ಆರಾಮಾಗಿ ಓಡಾಡುತ್ತಿತ್ತು. ಹಾಗಾದರೆ ಕನ್ನಡಕದ ಭಾರ ಎಲ್ಲಿ ಕೂತಿದೆ? ಕೆನ್ನೆಯ ಮೇಲೆ. 44 ಮಿ.ಮೀ. ಎತ್ತರದ ಚೌಕದ ಕೆಳ ಅಂಚು ಎರಡೂ ಕೆನ್ನೆಗೆ ಒತ್ತಿಕೊಂಡು ಸಣ್ಣ ಗೆರೆ ಮೂಡಿಸಿತ್ತು. "ಮೇಡಂ, ಸ್ವಲ್ಪ ನಗಿ" ಅಂದೆ. ನಕ್ಕರು. ಕನ್ನಡಕ ಪೂರ್ತಿಯಾಗಿ 4 ಮಿ.ಮೀ. ಮೇಲೆದ್ದು, ನಗು ನಿಂತಾಗ ಮತ್ತೆ ಕೆಳಗೆ ಕೂತಿತು. ಪಾಠ ಮಾಡುವವರ ಕೆನ್ನೆ ದಿನವಿಡೀ ಅಲ್ಲಾಡುತ್ತಲೇ ಇರುತ್ತದೆ ಅಲ್ವಾ? ಪ್ರತಿ ಮಾತಿಗೂ ಕೆನ್ನೆ ಫ್ರೇಮನ್ನು ಅಲುಗಾಡಿಸುತ್ತಿತ್ತು. ಹಿಡಿದುಕೊಳ್ಳಲು ಮೂಗು ಸಿಗದ ಫ್ರೇಮ್ ಒಂದೊಂದೇ ಎಳೆ ಕೆಳಗಿಳಿಯುತ್ತಿತ್ತು.

ಮೇಲೆ ತಳ್ಳಿದರೆ ರೆಪ್ಪೆಗೂದಲು ಗ್ಲಾಸಿಗೆ ತಾಗಿ ಎಣ್ಣೆ ಬಳಿಯುತ್ತದೆ. ಬಿಟ್ಟರೆ ಮೂಗಿನ ಮುಂಭಾಗಕ್ಕೆ ಜಾರುತ್ತದೆ. ಮಸುಕಿನ ಕಾರಣವೂ ಇದೇ. ಮೈನಸ್ ಗ್ಲಾಸ್ ಕಣ್ಣಿನಿಂದ ದೂರ ಹೋದಷ್ಟೂ ಅದರ ಬಲ ಕಮ್ಮಿಯಾಗುತ್ತದೆ. ಪರೀಕ್ಷೆ ಮಾಡುವಾಗ ಗ್ಲಾಸ್ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರದಲ್ಲಿರುತ್ತದೆ. ಜಾರಿ 18ಕ್ಕೆ ಹೋಯಿತು ಅಂದುಕೊಳ್ಳಿ. ಮೈನಸ್ 5.50ಕ್ಕೆ ಈ 6 ಮಿ.ಮೀ.ನಿಂದ ಸುಮಾರು 0.18 ಬಲ ಕಮ್ಮಿಯಾಗುತ್ತದೆ, ಕಾಲು ನಂಬರಿಗೆ ಹತ್ತಿರ. ಒಂದೋ ಎರಡೋ ನಂಬರ್ ಇರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಇವರಿಗೆ ಲಾಸ್ಟ್ ಬೆಂಚ್ ಮಸುಕಾಗಲು ಅಷ್ಟು ಸಾಕು. ಜೊತೆಗೆ ಗ್ಲಾಸಿನ ನಡುಬಿಂದು ಬಿಟ್ಟು ಮೇಲಿನ ಭಾಗದಿಂದ ನೋಡುತ್ತಿದ್ದರು.

ಇದನ್ನು ಖಚಿತ ಮಾಡಿಕೊಳ್ಳುವುದು ಬಹಳ ಸುಲಭ. ಗೋಡೆಯ ಕ್ಯಾಲೆಂಡರ್ ತೋರಿಸಿ, ಕನ್ನಡಕವನ್ನು ಬೆರಳಿನಿಂದ ಸರಿಯಾದ ಜಾಗದಲ್ಲಿ ಹಿಡಿದುಕೊಳ್ಳಿ ಅಂದೆ. ಸಣ್ಣಕ್ಷರದ ಹಬ್ಬಗಳ ಹೆಸರು ಓದಿದರು. ಕೈ ಬಿಟ್ಟ ಮೇಲೆ, ಜಾರಿದ ಜಾಗದಿಂದ, ಓದಲಾಗಲಿಲ್ಲ. ಹಿಡಿದರೆ ಸ್ಪಷ್ಟ, ಬಿಟ್ಟರೆ ಮಸುಕು ಅಂತಾದರೆ ಮೊದಲು ಫ್ರೇಮಿನ ಕೂರುವಿಕೆ ನೋಡಬೇಕು. ಆಮೇಲೆ ನಂಬರ್.

ಹಳೆಯದನ್ನೇ ಸರಿ ಮಾಡಬಹುದಿತ್ತಾ?

ಟೀಚರ್ ಮೊದಲು ಕೇಳಿದ್ದು ಇದನ್ನೇ. ನಾನೂ ಅದನ್ನೇ ಮೊದಲು ಯೋಚಿಸಿದೆ, ದುಡ್ಡು ಉಳಿಯುವುದಾದರೆ ಉಳಿಯಲಿ ಅಂತ. ಫ್ರೇಮ್ ಅಸಿಟೇಟ್ ಅನ್ನುವ ಇನ್ನೊಂದು ತರದ ಪ್ಲಾಸ್ಟಿಕ್ಕಿನದ್ದಾಗಿದ್ದರೆ ದಾರಿ ಇತ್ತು. ಮೂಗಿನ ಜಾಗವನ್ನು ಅರ ಹಾಕಿ ಸಮ ಮಾಡಿ, ಸಣ್ಣ ತೂತು ಕೊರೆದು, ಲೋಹದ ಪ್ಯಾಡ್ ಕೈಗಳನ್ನು ಕೂರಿಸಬಹುದು. ಅಸಿಟೇಟ್ ಬಿಸಿಗೆ ಬಗ್ಗುತ್ತದೆ, ಬಗ್ಗಿದ ಮೇಲೆ ಹಾಗೇ ನಿಲ್ಲುತ್ತದೆ. ಟಿಆರ್-90 ಹಾಗಲ್ಲ. ಅದರ ಗುಣವೇ ಪುಟಿದು ಮೊದಲಿನ ಆಕಾರಕ್ಕೆ ಬರುವುದು. ಬಿದ್ದರೆ ಒಡೆಯುವುದಿಲ್ಲ ಅನ್ನುವ ಅದೇ ಗುಣ, ಅಳತೆಗೆ ಬಗ್ಗಿಸುವಾಗ ಅಡ್ಡ ಬರುತ್ತದೆ.

ಪ್ಯಾಡ್ ಕೂರಿಸಿದರೂ 44 ಮಿ.ಮೀ. ಎತ್ತರ ಹಾಗೇ ಉಳಿಯುತ್ತಿತ್ತು. ಫ್ರೇಮನ್ನು ಕೆನ್ನೆಯಿಂದ ಬಿಡಿಸುವಷ್ಟು ಮೇಲೆತ್ತಿದರೆ ಮೇಲಿನ ಅಂಚು ಹುಬ್ಬು ದಾಟಿ ಹಣೆಗೆ ಹೋಗುತ್ತದೆ. ಹಾಗಾಗಿ ಬೇರೆ ಫ್ರೇಮೇ ಬೇಕು ಅಂತ ಹೇಳಿದೆ.

ಈಗ ಮುಖ

ಮುಖದ ಆಕಾರಕ್ಕೆ ಫ್ರೇಮ್ ಹೊಂದಿಸುವ ಮಾತು ಸುಳ್ಳಲ್ಲ. ದುಂಡು ಮುಖ ಅಂದರೆ ಕೆನ್ನೆಯ ಅಗಲ ಮತ್ತು ಹಣೆಯಿಂದ ಗಲ್ಲದವರೆಗಿನ ಉದ್ದ ಹತ್ತಿರ ಹತ್ತಿರ ಇರುವ, ದವಡೆಯಲ್ಲಿ ಮೂಲೆ ಕಾಣದ ಮುಖ. ಅದರ ಮೇಲೆ ದುಂಡು ಫ್ರೇಮ್ ಇಟ್ಟರೆ ದುಂಡುತನ ಎದ್ದು ಕಾಣುತ್ತದೆ. ಸ್ವಲ್ಪ ನೇರ ಗೆರೆ ಇರುವ, ಎತ್ತರಕ್ಕಿಂತ ಅಗಲ ಜಾಸ್ತಿ ಇರುವ ಫ್ರೇಮ್ ಇಟ್ಟರೆ ಮುಖ ಕೊಂಚ ಉದ್ದವಾಗಿ ಕಾಣುತ್ತದೆ. ಟೀಚರ್ ಓದಿದ್ದು ಇದೇ. ಎಡವಿದ್ದು "ದೊಡ್ಡದು" ಅನ್ನುವ ಮಾತಿನಲ್ಲಿ. ಅಗಲವಾದ ಚೌಕ ಬೇರೆ, ಎತ್ತರವಾದ ಚೌಕ ಬೇರೆ. ತುಂಬಿದ ಕೆನ್ನೆ, ತಗ್ಗು ಮೂಗು ಎರಡೂ ಇದ್ದಾಗ ಎತ್ತರದ ಚೌಕಕ್ಕೆ ಕೆಳಗೆ ಜಾಗವೇ ಇಲ್ಲ.

ಅಳತೆ ತೆಗೆದುಕೊಂಡೆ. ಪಾಪೆಗಳ ನಡುವಿನ ಅಂತರ, ನಾವು ಪಿ.ಡಿ. ಅನ್ನುವುದು, 62 ಮಿ.ಮೀ. ಕಣ್ಣಿನ ಮಟ್ಟದಲ್ಲಿ ಮುಖದ ಅಗಲ 138. ಇಲ್ಲಿ ಒಂದು ಇಕ್ಕಟ್ಟು ಇದೆ. ಮುಖ ಅಗಲ, ಆದರೆ ಕಣ್ಣುಗಳು ಅಷ್ಟು ದೂರ ಇಲ್ಲ. ಮುಖದ ಅಗಲ ತುಂಬಿಸಲು ದೊಡ್ಡ ಗ್ಲಾಸಿನ ಫ್ರೇಮ್ ತೆಗೆದುಕೊಂಡರೆ ಕಣ್ಣು ಗ್ಲಾಸಿನ ನಡುವೆ ಬರದೆ ಮೂಗಿನ ಕಡೆಗೆ ಸರಿಯುತ್ತದೆ. ನೋಡಿದವರಿಗೆ ಕಣ್ಣುಗಳು ಒತ್ತೊತ್ತಾಗಿರುವಂತೆ ಕಾಣುತ್ತದೆ.

ಮೈನಸ್ ನಂಬರಿನವರಿಗೆ ಇನ್ನೊಂದು ನಷ್ಟವೂ ಇದೆ. ಹಳೆಯ ಫ್ರೇಮಿನ ಮೊದಲ ಎರಡು ಅಂಕಿ ಕೂಡಿಸಿ, 54 ಮತ್ತು 17 ಸೇರಿ 71. ಅದರಲ್ಲಿ ಪಿ.ಡಿ. 62 ಕಳೆದರೆ 9. ಅರ್ಧ ಮಾಡಿದರೆ ನಾಲ್ಕೂವರೆ. ಅಂದರೆ ಪ್ರತಿ ಗ್ಲಾಸಿನ ನಡುಬಿಂದುವನ್ನು ನಾಲ್ಕೂವರೆ ಮಿ.ಮೀ. ಮೂಗಿನ ಕಡೆಗೆ ಸರಿಸಿ ಕತ್ತರಿಸಬೇಕು. ಮೈನಸ್ ಗ್ಲಾಸ್ ನಡುವೆ ತೆಳು, ಅಂಚಿಗೆ ಹೋದಂತೆ ದಪ್ಪ. ನಡುಬಿಂದು ಆಚೆ ಸರಿದಷ್ಟೂ ಕಿವಿಯ ಕಡೆ ದಪ್ಪ ಅಂಚು ಉಳಿಯುತ್ತದೆ. ದಪ್ಪ ಅಂದರೆ ಭಾರ, ಭಾರ ಅಂದರೆ ಜಾರಾಟ. ನನ್ನ ಅನುಭವದಲ್ಲಿ ಈ ಕೂಡು-ಕಳೆ ಲೆಕ್ಕ ಮಾಡದೆ ಐದು ನಂಬರ್ ಮೇಲಿನವರಿಗೆ ಫ್ರೇಮ್ ಕೊಡಲೇಬಾರದು. ಎರಡು ನಿಮಿಷದ ಕೆಲಸ ಅದು.

ಹಾಗಾದರೆ ಬೇಕಾದ್ದು ಏನು? ಗ್ಲಾಸ್ ಚಿಕ್ಕದು, ಆದರೆ ಫ್ರೇಮಿನ ಒಟ್ಟು ಅಗಲ ಮುಖಕ್ಕೆ ಸಾಲುವಂಥದ್ದು. ಗ್ಲಾಸ್ ಮುಗಿದ ಮೇಲೆ ಕಡ್ಡಿ ಸೇರುವ ಮೂಲೆ ಹೊರಕ್ಕೆ ಚಾಚಿಕೊಂಡಿರುವ ಫ್ರೇಮುಗಳಲ್ಲಿ ಇದು ಸಿಗುತ್ತದೆ.

ಮೂರು ಫ್ರೇಮ್ ಮುಂದಿಟ್ಟೆ.

ಮೊದಲನೆಯದು ತೆಳು ಲೋಹದ ದುಂಡು ಫ್ರೇಮ್. ಪ್ಯಾಡ್ ಇತ್ತು, ಕೂರಿಸಲು ಅಡ್ಡಿಯಿರಲಿಲ್ಲ. ಹಾಕಿಕೊಂಡು ಕನ್ನಡಿ ನೋಡಿದ ಟೀಚರ್ "ಬೇಡ ಸರ್, ಮುಖ ಬರೀ ಸೊನ್ನೆ ಸೊನ್ನೆ ಆಗೋಯ್ತು" ಅಂದರು. ನನಗೂ ಹಾಗೇ ಕಂಡಿತು. ಅಲ್ಲಿಗೆ ಬಿಟ್ಟೆವು.

ಎರಡನೆಯದು ತಗ್ಗು ಮೂಗಿಗೆ ಅಂತಲೇ ಮಾಡಿದ ಅಸಿಟೇಟ್ ಫ್ರೇಮ್. ಹಿಂದೆ ಇದನ್ನು "ಏಷ್ಯನ್ ಫಿಟ್" ಅಂತ ಕರೆಯುತ್ತಿದ್ದರು, ಈಗ "ಲೋ ಬ್ರಿಡ್ಜ್ ಫಿಟ್" ಅನ್ನುತ್ತಾರೆ. ಮೂಗು ತಾಗುವ ಜಾಗದಲ್ಲಿ ಪ್ಲಾಸ್ಟಿಕ್ ಗುಬುಟು ಜಾಸ್ತಿ ಇರುತ್ತದೆ, ಮುಂಭಾಗ ಕಡಿಮೆ ವಾಲಿರುತ್ತದೆ. ಇದು ಚೆನ್ನಾಗಿಯೇ ಕೂತಿತು. ರೆಪ್ಪೆ ತಾಗಲಿಲ್ಲ. ಆದರೆ ಗ್ಲಾಸಿನ ಎತ್ತರ 42. ನಗಿಸಿದೆ. ಕೆನ್ನೆ ತಾಗಿತು, ಫ್ರೇಮ್ ಎದ್ದಿತು. ಹೆಸರಿನಲ್ಲಿ ಲೋ ಬ್ರಿಡ್ಜ್ ಅಂತಿದ್ದ ಮಾತ್ರಕ್ಕೆ ಎಲ್ಲ ತಗ್ಗು ಮೂಗಿಗೂ ಹೊಂದುವುದಿಲ್ಲ. ಗುಬುಟಿನ ಇಳಿಜಾರು ಒಂದೇ ಅಚ್ಚಿನದ್ದು, ಮೂಗುಗಳು ನೂರು ತರ.

ಮೂರನೆಯದು 50□18-140. ಎತ್ತರ 36. ಮೇಲಂಚು ಕಂದು ಬಣ್ಣದ ಅಸಿಟೇಟ್, ಉಳಿದದ್ದು ತೆಳು ಲೋಹ, ತಿರುಗಿಸಬಹುದಾದ ಪ್ಯಾಡ್. ಒಟ್ಟು ಅಗಲ 136, ಅವರ 138ಕ್ಕೆ ಸರಿ. ಮೇಲಂಚು ಹುಬ್ಬಿನ ಗೆರೆಯನ್ನೇ ಹಿಡಿದುಕೊಂಡು ಹೋಗುತ್ತದೆ. ನನಗೆ ಮುಖ್ಯವಾಗಿ ಹಿಡಿಸಿದ್ದು ಕೆಳಗಿನ ಹೊರ ಮೂಲೆ. ಅದು ಚೌಕವಾಗಿ ನಿಲ್ಲದೆ ಮೇಲಕ್ಕೆ ಎತ್ತಿಕೊಂಡಿತ್ತು. ನಕ್ಕಾಗ ಕೆನ್ನೆ ಅತಿ ಹೆಚ್ಚು ಉಬ್ಬುವುದು ಅದೇ ಜಾಗದಲ್ಲಿ. ಹಾಗಾಗಿ ಕೆನ್ನೆಗೆ ಅಲ್ಲಿ ಎಡೆ ಸಿಗುತ್ತದೆ. ಮೇಲಕ್ಕೆ ಹೋಗುವ ಆ ಗೆರೆಯೇ ದುಂಡು ಮುಖವನ್ನು ಎತ್ತಿ ತೋರಿಸುತ್ತದೆ. ಚೆಂದಕ್ಕೂ ಕೂರುವಿಕೆಗೂ ಜಗಳ ಅಂತ ಅಂದುಕೊಂಡಿದ್ದೆವಲ್ಲ, ಇಲ್ಲಿ ಎರಡೂ ಒಂದೇ ಗೆರೆಯಲ್ಲಿ ಸಿಕ್ಕಿದವು.

ಬ್ರಿಡ್ಜಿನ ಜಾಗವನ್ನೂ ನೋಡಿದೆ. ಬ್ರಿಡ್ಜ್ ದಪ್ಪಗೆ, ಕಪ್ಪಗೆ, ಕೆಳಗೆ ಇದ್ದರೆ ಮೂಗು ಗಿಡ್ಡವಾಗಿ ಕಾಣುತ್ತದೆ. ಇದರಲ್ಲಿ ಬ್ರಿಡ್ಜ್ ತೆಳು ಲೋಹದ್ದು, ಗ್ಲಾಸಿನ ಮೇಲ್ಭಾಗದಲ್ಲಿತ್ತು. ಮೂಗು ಒಂಚೂರು ಉದ್ದ ಕಂಡಿತು. "ಈಗ ನೋಡು, ಸಂಪಿಗೆ ಎಸಳಿನಂಗಿದೆ" ಅಂದರು ಅಮ್ಮ.

ಲೆಕ್ಕವೂ ಕೂಡಿಬಂತು. 50 ಮತ್ತು 18 ಸೇರಿ 68. ಪಿ.ಡಿ. 62 ಕಳೆದರೆ 6, ಅರ್ಧ 3. ನಾಲ್ಕೂವರೆಯಿಂದ ಮೂರಕ್ಕೆ ಇಳಿಯಿತು, ಗ್ಲಾಸೂ ಚಿಕ್ಕದಾಯಿತು. ಗ್ಲಾಸಿನ ವಸ್ತುವಿಗೂ ಒಂದು ಅಂಕಿ ಇರುತ್ತದೆ, ಅದು ಜಾಸ್ತಿ ಇದ್ದಷ್ಟೂ ಗ್ಲಾಸ್ ತೆಳು. ಒಂದೇ ತರದ 1.56 ಗ್ಲಾಸ್ ಹಾಕಿದರೂ ಕಿವಿ ಕಡೆಯ ಅಂಚು ಸುಮಾರು 6.4 ಮಿ.ಮೀ.ನಿಂದ 5.4ಕ್ಕೆ ಬರುತ್ತಿತ್ತು. ನಾವು 1.60 ಹಾಕಿದೆವು, 5ರ ಆಸುಪಾಸಿಗೆ ಬಂತು. ದುಬಾರಿ ಗ್ಲಾಸಿನಿಂದ ಉಳಿದದ್ದು ಅರ್ಧ ಮಿ.ಮೀ.ಗೂ ಕಮ್ಮಿ. ಸರಿಯಾದ ಫ್ರೇಮಿನಿಂದ ಉಳಿದದ್ದು ಒಂದು ಪೂರ್ತಿ ಮಿ.ಮೀ.

ಪ್ಯಾಡ್ ಕೂರಿಸಿದ್ದು

ಫ್ರೇಮ್ ಆರಿಸಿದ್ದರಿಂದ ಅರ್ಧ ಕೆಲಸ ಮುಗಿಯಿತು ಅಷ್ಟೇ. ಡಬ್ಬಿಯಿಂದ ತೆಗೆದ ಹಾಗೇ ಹಾಕಿಸಿದಾಗ ಇದೂ ಸ್ವಲ್ಪ ಕೆಳಗೇ ಕೂತಿತ್ತು.

ಮೊದಲು ಪ್ಯಾಡ್ ಬದಲಾಯಿಸಿದೆ. ಬಂದಿದ್ದ 13 ಮಿ.ಮೀ. ಗಟ್ಟಿ ಪ್ಯಾಡ್ ತೆಗೆದು 15ರ ಸಿಲಿಕಾನ್ ಹಾಕಿದೆ. ಹರಡಿದ ಮೂಗಿಗೆ ಭಾರ ಹಂಚಲು ಜಾಗ ಜಾಸ್ತಿ ಬೇಕು, ಬೆವರಿದಾಗ ಸಿಲಿಕಾನ್ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಸಣ್ಣ ಇಕ್ಕಳದಲ್ಲಿ ಪ್ಯಾಡಿನ ಕೈಯನ್ನು ಸ್ವಲ್ಪ ನೇರ ಮಾಡಿ ಹಿಂದಕ್ಕೆ ಚಾಚಿದೆ. ಪ್ಯಾಡ್ ಹಿಂದಕ್ಕೆ ಹೋದಷ್ಟೂ ಗ್ಲಾಸ್ ಮುಖದಿಂದ ಮುಂದಕ್ಕೆ ಬರುತ್ತದೆ, ರೆಪ್ಪೆಗೆ ಜಾಗವಾಗುತ್ತದೆ. ಮೂಗು ಮಾಡದ ಕೆಲಸವನ್ನು ಕೈಗಳು ಮಾಡಬೇಕು.

ಮೇಲೆತ್ತುವುದಕ್ಕೆ ಎರಡು ದಾರಿ. ಪ್ಯಾಡುಗಳನ್ನು ಒಂದಕ್ಕೊಂದು ಹತ್ತಿರ ತಂದರೆ ಫ್ರೇಮ್ ಮೂಗಿನ ಇನ್ನೂ ಕಿರಿದಾದ ಮೇಲಿನ ಜಾಗದಲ್ಲಿ ನಿಲ್ಲುತ್ತದೆ. ಅಥವಾ ಪ್ಯಾಡುಗಳನ್ನು ಫ್ರೇಮಿಗಿಂತ ಕೆಳಕ್ಕೆ ಇಳಿಸಬಹುದು. ಪ್ಯಾಡ್ ಮೂಗಿನ ಮೇಲೆ ಇದ್ದಲ್ಲೇ ಇರುತ್ತದೆ, ಫ್ರೇಮ್ ಅದಕ್ಕಿಂತ ಮೇಲೆ ಹೋಗುತ್ತದೆ. ನಾನು ಎರಡನ್ನೂ ಮಾಡಿದೆ. ಹತ್ತಿರ ತಂದದ್ದು ಸ್ವಲ್ಪ ಜಾಸ್ತಿಯಾಯಿತು ಅನ್ನೋದು ಆಮೇಲೆ ಗೊತ್ತಾಯಿತು.

ಕಡ್ಡಿಯ ಕೆಲಸ ಮುಂದಿನದು. ಹಳೆಯ ಕನ್ನಡಕದಲ್ಲಿ ಬಾಗು ಕಿವಿ ದಾಟಿ ಹತ್ತು ಮಿ.ಮೀ. ಹಿಂದೆ ಶುರುವಾಗುತ್ತಿತ್ತು. ಅಂದರೆ ಫ್ರೇಮ್ ಹತ್ತು ಮಿ.ಮೀ. ಮುಂದೆ ಬಂದ ಮೇಲೆಯೇ ಕಿವಿ ಅದನ್ನು ಹಿಡಿಯುವುದು. ಹೊಸದರಲ್ಲಿ ಕೀಲಿನಿಂದ ಕಿವಿಯ ನೆತ್ತಿಗೆ 94 ಮಿ.ಮೀ. ಅಳೆದು ಗುರುತು ಮಾಡಿ, ತುದಿಯನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ, ಹಳೆಯ ಬಾಗು ನೇರ ಮಾಡಿ, ಹೊಸ ಜಾಗದಲ್ಲಿ ಬಗ್ಗಿಸಿದೆ. ಎಡಗಿವಿ ಬಲಗಿವಿಗಿಂತ ಕೊಂಚ ಕೆಳಗಿತ್ತು, ಆ ಕಡೆಯ ಕಡ್ಡಿಯನ್ನು ಅಷ್ಟು ಇಳಿಸಿದೆ. ಇದು ಎಷ್ಟೋ ಜನರಲ್ಲಿ ಇರುತ್ತದೆ, ಗಾಬರಿಯಾಗಬೇಕಿಲ್ಲ.

ಮುಂಭಾಗದ ವಾಲುವಿಕೆಯನ್ನು 5 ಡಿಗ್ರಿಯಷ್ಟು ಇಟ್ಟೆ. ಸಾಮಾನ್ಯವಾಗಿ 8ರಿಂದ 10 ಇಡುತ್ತೇವೆ. ಇವರಿಗೆ ಅಷ್ಟು ಇಟ್ಟರೆ ಕೆಳ ಅಂಚು ಮತ್ತೆ ಕೆನ್ನೆಗೇ ಹೋಗುತ್ತದೆ.

ಇದೆಲ್ಲ ಆದ ಮೇಲೆಯೇ ಫ್ರೇಮಿನ ಪ್ರದರ್ಶನ ಗ್ಲಾಸಿನ ಮೇಲೆ ಪೆನ್ನಿನಲ್ಲಿ ಪಾಪೆಯ ಗುರುತು ಹಾಕಿದ್ದು. ಈ ಅನುಕ್ರಮವನ್ನು ಒತ್ತಿ ಹೇಳಬೇಕು. ಎಷ್ಟೋ ಕಡೆ ಫ್ರೇಮ್ ಹೇಗಿದೆಯೋ ಹಾಗೇ ಗುರುತು ಹಾಕಿ, ಗ್ಲಾಸ್ ಬಂದ ಮೇಲೆ ಪ್ಯಾಡ್ ಸರಿ ಮಾಡುತ್ತಾರೆ. ಪ್ಯಾಡ್ ಸರಿ ಮಾಡಿದಾಗ ಫ್ರೇಮ್ 3 ಮಿ.ಮೀ. ಮೇಲೆ ಹೋದರೆ ನಡುಬಿಂದುವೂ 3 ಮಿ.ಮೀ. ತಪ್ಪುತ್ತದೆ. ದೂರಕ್ಕೂ ಓದುವುದಕ್ಕೂ ಒಂದೇ ಆಗಿರುವ ಪ್ರೋಗ್ರೆಸಿವ್ ಗ್ಲಾಸ್ ಹಾಕುವವರಾಗಿದ್ದರೆ ಓದುವ ಭಾಗವೇ ಸ್ಥಳ ಬಿಟ್ಟಿರುತ್ತದೆ. ಆಮೇಲೆ "ಈ ಗ್ಲಾಸ್ ನಂಗೆ ಒಗ್ಗಲಿಲ್ಲ" ಅಂತ ಜನ ಕೈಬಿಡುತ್ತಾರೆ.

ಐದನೇ ದಿನ ವಾಪಸ್ ಬಂದದ್ದು

ಕನ್ನಡಕ ಕೊಟ್ಟ ದಿನ ಎಲ್ಲ ಚೆನ್ನಾಗಿತ್ತು. ತಲೆ ಬಗ್ಗಿಸಿ ಅಲ್ಲಾಡಿಸಿದರು, ಜಾರಲಿಲ್ಲ. ನಕ್ಕರು, ಏಳಲಿಲ್ಲ. ಐದನೇ ದಿನ ಫೋನ್ ಬಂತು. "ಸರ್, ಜಾರ್ತಿಲ್ಲ. ಆದ್ರೆ ಮೂಗು ಉರಿ."

ಬರಲು ಹೇಳಿದೆ. ಕನ್ನಡಕ ತೆಗೆಸಿ ಬೆಳಕಿನಲ್ಲಿ ನೋಡಿದರೆ ಮೂಗಿನ ಎರಡೂ ಪಕ್ಕ ಕೆಂಪು ಗುರುತು. ಆ ಗುರುತಿನ ಆಕಾರ ಎಲ್ಲ ಹೇಳುತ್ತದೆ. ಪ್ಯಾಡ್ ಪೂರ್ತಿ ಕೂತಿದ್ದರೆ ತಿಳಿಗೆಂಪಿನ ಅಂಡಾಕಾರ ಮೂಡಬೇಕು, ಹತ್ತು ಹದಿನೈದು ನಿಮಿಷದಲ್ಲಿ ಮಾಸಬೇಕು. ಇಲ್ಲಿ ಇದ್ದದ್ದು ಉಗುರಿನ ಗಾಯದಂಥ ತೆಳು ಗೆರೆ, ಪ್ಯಾಡಿನ ಹಿಂಭಾಗದ ಅಂಚಿನ ನೇರಕ್ಕೆ. ಪ್ಯಾಡಿನ ಮೈ ಚರ್ಮಕ್ಕೆ ತಾಗದೆ ಒಂದು ಅಂಚು ಮಾತ್ರ ಕೊರೆಯುತ್ತಿತ್ತು.

ತಪ್ಪು ನನ್ನದೇ. ಪ್ಯಾಡುಗಳನ್ನು ಹತ್ತಿರ ತಂದಾಗ ಅವು ಕಡಿದಾದ ಮೂಗಿಗೆ ನಿಂತಂತೆ ನೆಟ್ಟಗೆ ನಿಂತಿದ್ದವು. ಇವರ ಮೂಗಿನ ಇಳಿಜಾರು ಹರಡಿದ್ದು. ಪ್ಯಾಡಿನ ಹಿಂಭಾಗ ಹೊರಕ್ಕೆ ತೆರೆದುಕೊಂಡು ಆ ಇಳಿಜಾರಿಗೆ ಸಮನಾಗಿ ಮಲಗಬೇಕಿತ್ತು. ಹಿಂಭಾಗವನ್ನು ಹೊರಕ್ಕೆ ತಿರುಗಿಸಿ, ಎರಡರ ನಡುವಿನ ಅಂತರವನ್ನು ಒಂದು ಮಿ.ಮೀ. ಬಿಟ್ಟುಕೊಟ್ಟೆ. ಅದರಿಂದ ಇಳಿದ ಎತ್ತರವನ್ನು ಪ್ಯಾಡುಗಳನ್ನು ಇನ್ನೊಂದು ಎಳೆ ಕೆಳಕ್ಕೆ ತಂದು ತುಂಬಿಸಿಕೊಂಡೆ. ಇಪ್ಪತ್ತು ನಿಮಿಷ ಅಂಗಡಿಯಲ್ಲೇ ಕೂರಿಸಿ, ಕಾಫಿ ಕೊಟ್ಟು, ಮತ್ತೆ ತೆಗೆಸಿ ನೋಡಿದೆ. ಎರಡು ತಿಳಿಗೆಂಪು ಅಂಡಾಕಾರ. ಹಳೆಯ ಗೆರೆ ಮಾಸಲು ಇನ್ನೆರಡು ದಿನ ಬೇಕಾಯಿತು.

ತಗ್ಗು ಮೂಗಿನವರಿಗೆ ಮೊದಲ ದಿನವೇ ಕೈಬಿಟ್ಟು ಕಳಿಸಬಾರದು ಅನ್ನೋದು ಇದಕ್ಕೇ. ವಾರದೊಳಗೆ ಒಮ್ಮೆ ಕರೆದು ಗುರುತು ನೋಡಬೇಕು. ಕೊಳ್ಳುವವರೂ ಸಂಕೋಚ ಪಡದೆ ಹೋಗಿ ಕೇಳಬೇಕು. ಪ್ಯಾಡ್ ಸರಿ ಮಾಡುವುದು ಫ್ರೇಮಿನ ಬೆಲೆಯಲ್ಲೇ ಸೇರಿದ ಕೆಲಸ.

ಎಲ್ಲವೂ ಸರಿಹೋಯಿತು ಅಂತ ಹೇಳುವುದಿಲ್ಲ. ಏಪ್ರಿಲ್ ಮೇ ಬಿಸಿಲಿನಲ್ಲಿ ಬೆವರಿದಾಗ ಈಗಲೂ ದಿನಕ್ಕೆ ಎರಡು ಮೂರು ಸಲ ತಳ್ಳಿಕೊಳ್ಳುತ್ತಾರಂತೆ. ಮೂಗನ್ನೂ ಪ್ಯಾಡನ್ನೂ ಒರೆಸಿದರೆ ನಿಲ್ಲುತ್ತದೆ. ಪ್ಯಾಡಿನ ಗುರುತು ಸಂಜೆ ಸ್ವಲ್ಪ ಹೊತ್ತು ಕಾಣುತ್ತದೆ, ಅದು ಪ್ಯಾಡ್ ಇರುವ ಯಾವ ಕನ್ನಡಕದಲ್ಲೂ ತಪ್ಪದು. ಕಪ್ಪು ದಪ್ಪ ಫ್ರೇಮಿನ ಆಸೆ ಅವರಿಗೆ ಇನ್ನೂ ಇದೆ. ಎತ್ತರ ಕಡಿಮೆ ಇರುವ ಲೋ ಬ್ರಿಡ್ಜ್ ಅಸಿಟೇಟ್ ಬಂದರೆ ತಿಳಿಸುತ್ತೇನೆ ಅಂದಿದ್ದೇನೆ.

ಏಳು ತಿಂಗಳಾದ ಮೇಲೆ ಸಿಲಿಕಾನ್ ಹಳದಿಯಾಗಿ, ತಿರುಪಿನ ಸುತ್ತ ಹಸಿರು ಕಿಲುಬು ಕಟ್ಟಿಕೊಂಡು ಬಂದರು. ಪ್ಯಾಡ್ ಬದಲಾಯಿಸಿ, ಕೈಗಳನ್ನು ಒರೆಸಿ ಕೊಟ್ಟೆ. ಅವತ್ತು ಅವರ ಕಾರ್ಡಿನಲ್ಲಿ ಬರೆದಿಟ್ಟಿದ್ದನ್ನು ತೋರಿಸಿದೆ: 50□18-140, ಎತ್ತರ 36, ಒಟ್ಟು ಅಗಲ 136, ಬಾಗು 94, ಪಿ.ಡಿ. 62, ಸಿಲಿಕಾನ್ ಪ್ಯಾಡ್ 15. ಟೀಚರ್ ಅದರ ಫೋಟೋ ತೆಗೆದುಕೊಂಡರು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಹಾಗೇ ದಿನವಿಡೀ ಕನ್ನಡಕ ತಳ್ಳುತ್ತಾಳೆ, ಅವಳ ತಂದೆಗೆ ಮೂಗು ಅಳೆಸಿ ಅಂತ ಹೇಳಿದ್ದೇನೆ, ಮುಂದಿನ ಶನಿವಾರ ಬರುತ್ತಾರೆ ಅಂದರು.